"ಲಾಗ್ ನೋಡು" ಅನ್ನೋದು ಉತ್ತರ ಅಲ್ಲ (ಭಾಗ 4)

ಫೆಸ್ಟ್ ರಿಜಿಸ್ಟ್ರೇಷನ್ ಪೇಜ್ ತಿರುಗ್ತಾನೇ ಇತ್ತು, ನೆನಪಿದೆಯಾ? ಆ ರಾತ್ರಿ ನಮ್ಮ ಟೀಮಲ್ಲಿ ಎಲ್ರದ್ದೂ ಒಂದೇ ಮಾತು: "ಲಾಗ್ ನೋಡ್ರೋ." ನೋಡಿದ್ವಿ, ಎರಡು ಗಂಟೆ. ಸಾವಿರಾರು ಸಾಲು, ಒಂದ್ರಲ್ಲೂ `ERROR` ಇಲ್ಲ. ಯಾಕಂದ್ರೆ ಏನೂ ಫೇಲ್ ಆಗಿರ್ಲಿಲ್ಲ, ನಿಧಾನ ಆಗಿತ್ತು ಅಷ್ಟೇ.

ಮೊದಲು ಕೇಳ್ಬೇಕಿದ್ದದ್ದು "ಎಷ್ಟು ಜನಕ್ಕೆ, ಯಾವಾಗಿಂದ?" ಅದಕ್ಕೆ ಮೆಟ್ರಿಕ್ಸ್. ಅದ್ರಲ್ಲೂ ಸರಾಸರಿ ನಂಬ್ಬೇಡಿ. 1000 ರಿಕ್ವೆಸ್ಟಲ್ಲಿ 950ಕ್ಕೆ 0.2 ಸೆಕೆಂಡ್, 50ಕ್ಕೆ 8 ಸೆಕೆಂಡ್ ಹಿಡಿದ್ರೆ ಸರಾಸರಿ 0.59. ಚೆನ್ನಾಗೇ ಕಾಣತ್ತೆ! 99ನೇ ಪರ್ಸೆಂಟೈಲ್ ನೋಡಿ, 8.

ಆ 8 ಸೆಕೆಂಡ್ ಎಲ್ಲಿ ಹೋಯ್ತು ಅಂತ ಮೆಟ್ರಿಕ್ಸ್ ಹೇಳಲ್ಲ. ಅದು ಟ್ರೇಸ್ ಕೆಲಸ. ಒಂದೇ ರಿಕ್ವೆಸ್ಟಿನ ಬೆನ್ನು ಹತ್ತಿ ಹೆಜ್ಜೆ ಹೆಜ್ಜೆಗೂ ಹಿಡಿದ ಟೈಮ್ ಬರ್ಕೊಳ್ಳತ್ತೆ. (ಆಡಿಟಿಂಗಲ್ಲಿ ಒಂದು ವೋಚರ್ ಹಿಡ್ಕೊಂಡು ಹೋಗ್ತೀವಲ್ಲ, ಹಾಗೆ.) ನಾವು ಬೈದದ್ದು ಪೇಮೆಂಟನ್ನ. ಟ್ರೇಸಲ್ಲಿ ಪೇಮೆಂಟ್ 0.4, ಕೂಪನ್ ಚೆಕ್ 7.4!

ಲಾಗ್ ತೆಗೆಯೋದು ಈಗ. ಆ `trace_id` ಹಾಕಿ ಹುಡುಕಿದ್ರೆ ಎಂಟೇ ಸಾಲು. ಒಂದ್ರಲ್ಲಿ, ಹತ್ತೂ ಡೇಟಾಬೇಸ್ ಕನೆಕ್ಷನ್ ಬಿಜಿ, 7.3 ಸೆಕೆಂಡ್ ಕಾದೆ ಅಂತ. ಎರಡು ಗಂಟೆ ನಮ್ಮ ಕಣ್ಣ ಮುಂದೇ ಇದ್ದ ಸಾಲು, `INFO` ಅನ್ನೋ ಹೆಸರಲ್ಲಿ.

ಹಾಗಂತ ಟ್ರೇಸ್ ದೇವರಲ್ಲ. ಜಾಗ ಉಳಿಸೋಕೆ ನೂರಕ್ಕೆ ಒಂದನ್ನ ಮಾತ್ರ ಇಟ್ಕೊಳ್ಳೋರೂ ಇದ್ದಾರೆ. ನಿಮ್ಮ ಫ್ರೆಂಡ್ "ನನ್ನ ದುಡ್ಡು ಹೋಯ್ತಾ?" ಅಂತ ಕೇಳಿದ್ರೆ ಅವಳ ಟ್ರೇಸ್ ಇಲ್ದೇ ಇರಬಹುದು. ಅಲ್ಲಿ ಲಾಗೇ ಗತಿ.