ಫೋನಿನ ಪಾಳಿ
ಗದಗ-ಬೆಟಗೇರಿಯಿಂದ ಮುಂಡರಗಿವರೆಗೆ ದಸರೆಯ ಬನ್ನಿ, ಸಂಕ್ರಾಂತಿಯ ಕುಸುರೆಳ್ಳು ವರ್ಷಕ್ಕೊಮ್ಮೆಯಾದರೂ ಬಂಧುಗಳ ಬಾಗಿಲಿಗೆ ಕರೆದೊಯ್ಯುತ್ತವೆ. ಊರು ಬಿಟ್ಟವರ ಪಾಲಿಗೆ ಆ ಕೆಲಸ ಫಾರ್ವರ್ಡ್ ಮಾಡಿದ ಶುಭಾಶಯ ಚಿತ್ರದ್ದಾಗಿದೆ, ಅದಕ್ಕೆ ಉತ್ತರವಾಗಿ ಯಾರೂ ಮೊಣಕಾಲು ನೋವು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಹಬ್ಬಕ್ಕೆ ಕಾಯದೆ ವಾರವನ್ನೇ ಹಿಡಿಯಬೇಕು. ಬಂಧು-ಗೆಳೆಯರ 24 ಹೆಸರು ಬರೆದು, ಭಾನುವಾರಕ್ಕೆ ಇಬ್ಬರಿಗೆ ಕರೆ ಮಾಡುವಂತೆ, ಫೋನಿನ ಕ್ಯಾಲೆಂಡರಿನಲ್ಲಿ 12 ವಾರಕ್ಕೊಮ್ಮೆ ಮರುಕಳಿಸುವ ಜ್ಞಾಪನೆ ಇಟ್ಟರೆ ವರ್ಷಕ್ಕೆ ನಾಲ್ಕು ಸಲ ಪ್ರತಿಯೊಬ್ಬರ ಪಾಳಿ ಬರುತ್ತದೆ. ಅದರ ಕೆಳಗೇ ಕಳೆದ ಮಾತಿನ ಒಂದು ಸಾಲು ಇರಲಿ: ‘ಶಿರಹಟ್ಟಿ ಸೋದರತ್ತಿ, ಬಲಗಣ್ಣಿನ ಪೊರೆ ಆಪರೇಷನ್, ದೀಪಾವಳಿ ಆದ ಮೇಲೆ.’ ‘ಆರಾಮ ಅದಾರ’ ಎಂದಷ್ಟೇ ಬರೆದಿಟ್ಟರೆ ಮುಂದಿನ ಸಲ ಕೇಳಲು ಏನೂ ಉಳಿಯದು. ಪಾಳಿ ಕೆಡುವುದು ತಪ್ಪಿದ ಕರೆಯಿಂದ. ಲಕ್ಷ್ಮೇಶ್ವರದ ಗೆಳೆಯ ಕಡಲೆ ರಾಶಿಯಲ್ಲಿದ್ದು ಫೋನ್ ಎತ್ತದಿದ್ದರೆ ಅವನನ್ನು ಪಟ್ಟಿಯ ಕೊನೆಗೆ ತಳ್ಳದೆ ಮುಂದಿನ ಭಾನುವಾರದ ಮೊದಲಿಗನನ್ನಾಗಿಸಬೇಕು, ಇಲ್ಲವಾದರೆ ಮಾತಿನ ಅಂತರ ಹೆಚ್ಚುಕಡಿಮೆ ಆರು ತಿಂಗಳಾಗುತ್ತದೆ. ಅಲಾರಂ ಬಡಿದಾಗ ಹುಟ್ಟುವ ಪ್ರೀತಿ ಎಂಥದ್ದು ಎನ್ನುವವರಿದ್ದಾರೆ. ದಸರೆಯೂ ಪಂಚಾಂಗ ನೋಡಿಯೇ ಬರುವುದು. ಬನ್ನಿ ಕೊಟ್ಟವರನ್ನು ಯಾರೂ ಯಾಂತ್ರಿಕ ಎನ್ನಲಿಲ್ಲ. ಆದರೆ ಟಿಪ್ಪಣಿಯನ್ನು ಸಾಲುಸಾಲಾಗಿ ಓದಿ ಕೇಳಿದರೆ ಮಾತು ವಿಚಾರಣೆಯಾಗುತ್ತದೆ, ಇದು ನಿಜವಾದ ಅಪಾಯ. ಕಣ್ಣಿನ ವಿಷಯವೊಂದನ್ನು ಕೇಳಿ ಸುಮ್ಮನಾದರೆ ಉಳಿದದ್ದನ್ನು ಅತ್ತಿಯೇ ಹೇಳುತ್ತಾರೆ.