‘ಆರು ತಿಂಗಳಲ್ಲಿ ನೋಡೋಣ’ ಅಂದ್ರೆ ಯಾವ ಆರು ತಿಂಗಳು?

“ಡೊಮೇನ್ ಚೇಂಜ್ ಅಲ್ವಾ, ಟೈಟಲ್ ಒಂದು ಲೆವೆಲ್ ಕಡಿಮೆ ಬರುತ್ತೆ. ಸೇರ್ಕೊಳ್ಳಿ, ಆರು ತಿಂಗಳಲ್ಲಿ ರಿವ್ಯೂ ಮಾಡಿ ಸರಿ ಮಾಡೋಣ.” ಕ್ಷೇತ್ರ ಬದಲಿಸಲು ಹೊರಟ ಎಂಜಿನಿಯರ್‌ಗೆ ರಿಕ್ರೂಟರ್ ಫೋನಿನಲ್ಲಿ ಹೇಳುವ ಮಾತು ಹೆಚ್ಚುಕಮ್ಮಿ ಇದೇ. ನಮ್ಮವರಲ್ಲಿ ಕೆಲವರು ಸಿಟ್ಟು ಮಾಡ್ಕೊಂಡು ಫೋನ್ ಇಡ್ತಾರೆ. ಹೆಚ್ಚಿನವರು ‘ಆಯ್ತು ಮೇಡಂ’ ಅಂತಾರೆ. ಆ ಆರು ತಿಂಗಳನ್ನು ಯಾವ ಕ್ಯಾಲೆಂಡರ್‌ನಲ್ಲಿ ಎಣಿಸ್ತೀರಿ ಅಂತ ಮಾತ್ರ ಯಾರೂ ಕೇಳಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಟೆಲಿಕಾಂನಲ್ಲಿ ಎಂಟು ವರ್ಷ ಸಿ++ ಬರೆದ ಸೀನಿಯರ್ ಎಂಜಿನಿಯರ್ ಒಬ್ಬಳು ಆಟೊಮೋಟಿವ್ ಕಡೆ ಹೋಗ್ತಿದ್ದಾಳೆ. ಕಂಪನಿ ಬರೀ ‘ಎಂಜಿನಿಯರ್’ ಅನ್ನುತ್ತೆ. ಅವರ ಮಾತಲ್ಲಿ ಅರ್ಧ ನ್ಯಾಯ ಇದೆ. ಆಟೋಸಾರ್, ಮಿಸ್ರಾ ಸಿ, ಕಾರಿನ ಸುರಕ್ಷತೆಯ ಐಎಸ್ಒ 26262, ಇವೆಲ್ಲ ಅವಳಿಗೆ ಹೊಸದು. ಮೊದಲ ಕೆಲವು ತಿಂಗಳು ಅವಳ ಕೋಡನ್ನು ಬೇರೆಯವರು ತಿದ್ದಬೇಕು. ಆದರೆ ಥ್ರೆಡ್‌ಗಳು ಒಂದಕ್ಕೊಂದು ಕಾದು ನಿಂತುಬಿಟ್ಟಾಗ ಲಾಗ್ ನೋಡಿ ಕಾರಣ ಹಿಡಿಯೋದು, ಪ್ರೊಟೊಕಾಲ್ ಸ್ಪೆಸಿಫಿಕೇಶನ್ ಓದಿ ಕೋಡ್ ಮಾಡೋದು, ಜೂನಿಯರ್‌ಗಳ ಕೆಲಸ ರಿವ್ಯೂ ಮಾಡೋದು, ಇದೆಲ್ಲ ಟೆಲಿಕಾಂ ಗೇಟಿನಲ್ಲೇ ಬಿಟ್ಟು ಬರೋ ಸಾಮಾನಲ್ಲ. ಇಂಟರ್‌ವ್ಯೂನಲ್ಲಿ ಅದನ್ನೇ ಪರೀಕ್ಷೆ ಮಾಡಿ ಪಾಸ್ ಮಾಡಿದವರು, ಆಫರ್ ಹೊತ್ತಿಗೆ ‘ರೆಲೆವೆಂಟ್ ಎಕ್ಸ್‌ಪೀರಿಯನ್ಸ್ ಸೊನ್ನೆ’ ಅಂದರೆ ಅದು ಚೌಕಾಸಿ ಅಷ್ಟೇ.

ಈಗ ಆ ಆರು ತಿಂಗಳ ಲೆಕ್ಕ ಹಾಕೋಣ. ಅವಳು ನವೆಂಬರ್‌ನಲ್ಲಿ ಸೇರ್ತಾಳೆ. ಕಂಪನಿಯ ಅಪ್ರೈಸಲ್ ಏಪ್ರಿಲ್‌ನಲ್ಲಿ. ಸೆಪ್ಟೆಂಬರ್ 30ರ ನಂತರ ಸೇರಿದವರು ಆ ಏಪ್ರಿಲ್‌ನ ಸರತಿಗೆ ಬರಲ್ಲ ಅಂತ ಅಲ್ಲಿನ ನಿಯಮ. ಇಂಥ ಕಟಾಫ್ ಬೇಕಾದಷ್ಟು ಕಡೆ ಇರುತ್ತೆ. ಅಂದರೆ ಅವಳ ಮೊದಲ ಅಪ್ರೈಸಲ್ ಹದಿನೇಳು ತಿಂಗಳ ನಂತರ. ಪ್ರಮೋಷನ್‌ಗೆ ‘ಈಗಿನ ಲೆವೆಲ್‌ನಲ್ಲಿ ಹದಿನೆಂಟು ತಿಂಗಳು’ ಅನ್ನೋ ಷರತ್ತೂ ಇದ್ದರೆ ಒಂದೇ ತಿಂಗಳಲ್ಲಿ ಅದೂ ತಪ್ಪಿತು. ಮುಂದಿನ ಏಪ್ರಿಲ್‌ಗೆ ಇಪ್ಪತ್ತೊಂಬತ್ತು ತಿಂಗಳು. ರಿಕ್ರೂಟರ್ ಸುಳ್ಳು ಹೇಳಿಲ್ಲ. ಆರು ತಿಂಗಳಿಗೆ ‘ರಿವ್ಯೂ’ ಆಗುತ್ತೆ, ಪ್ರೊಬೇಷನ್ ಮುಗಿದ ಪತ್ರ ಕೈಗೆ ಬರುತ್ತೆ. ಪ್ರಮೋಷನ್ ಬೇರೆ ಸಂಗತಿ. ಅದು ಮ್ಯಾನೇಜರ್ ಹೆಸರು ಕಳಿಸಿ, ಬಜೆಟ್ ನೋಡಿ, ನಾಲ್ಕು ಮ್ಯಾನೇಜರ್‌ಗಳು ಕೂತು ಹೋಲಿಸೋ ಕಡೆ ತೀರ್ಮಾನವಾಗೋದು. ಆ ಕೋಣೆಯಲ್ಲಿ ರಿಕ್ರೂಟರ್‌ಗೆ ಕುರ್ಚಿಯೇ ಇಲ್ಲ.

ಸಂಬಳದಲ್ಲೂ ಒಂದು ಕೊಕ್ಕೆ ಇದೆ. ‘ಟೈಟಲ್ ಕಡಿಮೆ ಆದ್ರೇನು, ನಿಮ್ಮ 24 ಲಕ್ಷ ಹಾಗೇ ಕೊಡ್ತೀವಿ’ ಅಂತಾರೆ. ಆ ಲೆವೆಲ್‌ನ ಬ್ಯಾಂಡ್ 25ಕ್ಕೆ ಮುಗಿಯೋದಾದರೆ ಅವಳು ಮೊದಲ ದಿನವೇ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಾಳೆ. ಬ್ಯಾಂಡ್‌ನ ತುದಿಯಲ್ಲಿರೋರಿಗೆ ಹೈಕ್ ಸಣ್ಣದು. ಪ್ರಮೋಷನ್ ತಡವಾದಷ್ಟೂ ಸಂಬಳವೂ ಅಲ್ಲೇ ನಿಲ್ಲುತ್ತೆ.

ಆದ್ದರಿಂದ ಫೋನಿನಲ್ಲಿ ಹೌದು, ಅಲ್ಲ ಎರಡೂ ಬೇಡ. “ಹೊಸ ಡೊಮೇನ್ ಅಂತ ಒಂದು ಲೆವೆಲ್ ಕೆಳಗೆ ಸೇರೋ ಬಗ್ಗೆ ಯೋಚಿಸ್ತೀನಿ. ತೀರ್ಮಾನಕ್ಕೆ ಮುಂಚೆ ಹೈರಿಂಗ್ ಮ್ಯಾನೇಜರ್ ಜೊತೆ ಇಪ್ಪತ್ತು ನಿಮಿಷ ಬೇಕು” ಅನ್ನಿ. ಅವರ ಹತ್ತಿರ ನಾಲ್ಕೇ ಪ್ರಶ್ನೆ. ಒಳಗಿನ ಲೆವೆಲ್ ಯಾವುದು, ಅದರ ಬ್ಯಾಂಡ್‌ನಲ್ಲಿ ನಾನು ಎಲ್ಲಿದ್ದೀನಿ? ಈ ತಾರೀಖಿಗೆ ಸೇರಿದರೆ ಪ್ರಮೋಷನ್‌ಗೆ ಮೊದಲು ಅರ್ಹಳಾಗೋದು ಯಾವ ತಿಂಗಳು? ಮೇಲಿನ ಲೆವೆಲ್‌ನವರು ಮಾಡೋ ಯಾವ ಕೆಲಸ ನಾನು ಮಾಡಿ ತೋರಿಸಬೇಕು? ಹೀಗೆ ಬೇರೆ ಡೊಮೇನ್‌ನಿಂದ ಬಂದವರು ನಿಮ್ಮ ಟೀಮಿನಲ್ಲಿ ಎಷ್ಟು ದಿನಕ್ಕೆ ಮೇಲೆ ಹೋದರು?

ಉತ್ತರ ಕೇಳಿದರೆ ಗೊತ್ತಾಗಿಬಿಡುತ್ತೆ. ‘ಬ್ರೇಕ್ ಮಾಡ್ಯೂಲ್‌ನ ಒಂದು ಭಾಗ ನೀವೇ ಡಿಸೈನ್ ಮಾಡಿ, ಸೇಫ್ಟಿ ರಿವ್ಯೂ ದಾಟಿಸಿ’ ಅನ್ನೋ ಮ್ಯಾನೇಜರ್ ಯೋಚನೆ ಮಾಡಿದ್ದಾನೆ. ‘ಎಲ್ಲಾ ಪರ್ಫಾರ್ಮೆನ್ಸ್ ಮೇಲೆ’ ಅನ್ನೋನು ಮಾಡಿಲ್ಲ. ಮಾತಾದ ಸಂಜೆಯೇ ಅವರು ಹೇಳಿದ್ದನ್ನೆಲ್ಲ ಬರೆದು, ‘ನನಗೆ ಅರ್ಥವಾಗಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ’ ಅಂತ ಇಬ್ಬರಿಗೂ ಮೇಲ್ ಹಾಕಿ. ಆಫರ್ ಲೆಟರ್‌ನಲ್ಲಿ ಪ್ರಮೋಷನ್ ಭರವಸೆ ಯಾರೂ ಬರೆಯಲ್ಲ, ಅದಕ್ಕೆ ಜಗ್ಗಾಡಬೇಡಿ. ‘ಅಪ್ರೈಸಲ್ ಅರ್ಹತೆ ಈ ಏಪ್ರಿಲ್‌ನಿಂದ’ ಅನ್ನೋ ಒಂದು ಸಾಲಿಗೆ ಜಗ್ಗಿ, ಆ ವಿನಾಯಿತಿ ಕೊಡೋ ದಾರಿ ಕೆಲವು ಕಡೆ ಇರುತ್ತೆ. ಆ ಮೇಲ್ ಕೋರ್ಟಿಗೆ ಹೋಗೋಕಲ್ಲ. ಮ್ಯಾನೇಜರ್ ಬದಲಾದ ದಿನ ಹೊಸಬರ ಮುಂದೆ ಇಡೋಕೆ ನಿಮ್ಮ ಹತ್ತಿರ ಇರೋದು ಅದೊಂದೇ.

ನಮ್ಮ ಹಳ್ಳಿ ಕಡೆ ಹೊಲ ಗುತ್ತಿಗೆಗೆ ಹಾಕೋವಾಗಲೂ ವರ್ಷ ಅಂದ್ರೆ ಯುಗಾದಿಯಿಂದ ಯುಗಾದಿಗೋ, ಇವತ್ತಿನಿಂದಲೋ ಅಂತ ಮೊದಲೇ ಇತ್ಯರ್ಥ ಮಾಡ್ಕೊಳ್ತಾರೆ. ಬಿಇ ಓದಿ ಎಂಟು ವರ್ಷ ದುಡಿದವರು ಅಷ್ಟು ಕೇಳೋಕೆ ಸಂಕೋಚ ಪಡೋದು ಯಾಕೆ?