ಪರದೆಯಲ್ಲಿ 326, ಪುಸ್ತಕದಲ್ಲಿ 400

ಕಳೆದ ರಜೆಯಲ್ಲಿ ಸಿಂಧನೂರಿಗೆ ಹೋದಾಗ ಮಾಮಾ ಅಂಗಡಿಯಲ್ಲಿ ಕೂತು ಫೋನ್ ತೋರಿಸಿದ್ರು. "ಅಳಿಯಾ, ಸಿಂಧನೂರಿನ ಜಾಹೀರಾತು ಬಂದ್ ಮಾಡೋಣು. ರೊಕ್ಕ ಜಾಸ್ತಿ ಹೋಗಾಕತ್ತೈತಿ, ಆರ್ಡರ್ ಕಮ್ಮಿ ತೋರಸಾಕತ್ತೈತಿ. ಅದನ್ನ ಮಸ್ಕಿಗೆ ಹಾಕೋಣು."

ಮಾಮಾದು ಅಕ್ಕಿ ಅಂಗಡಿ. ಸಿಂಧನೂರು ಅಂದ್ರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯೋ ಭತ್ತದ ನಾಡು, ಅಕ್ಕಿಗೇನೂ ಬರ ಇಲ್ಲ. 25 ಕೆಜಿ ಸೋನಾ ಮಸೂರಿ ಚೀಲವನ್ನ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಮನೆಗೆ ಮುಟ್ಟಿಸ್ತಾರೆ. ಆರ್ಡರ್ ತಗೊಳ್ಳೋ ವೆಬ್‌ಸೈಟ್ ಮಾಡಿಕೊಟ್ಟಿದ್ದು ನಾನೇ. ಹಾಗಾಗಿ ಪರದೆ ಸುಳ್ಳು ಹೇಳ್ತಿದ್ರೆ ಅದರಲ್ಲಿ ನನ್ನ ಪಾಲೂ ಇದೆ.

ನನ್ನ ವಾದ ಇಷ್ಟೇ: ಅನಲಿಟಿಕ್ಸ್ ಪರದೆ ತೋರಿಸೋದು ಆರ್ಡರ್‌ಗಳ ಎಣಿಕೆ ಅಲ್ಲ, ಬ್ರೌಸರ್ ಬಂದು ಹೇಳಿದ ಆರ್ಡರ್‌ಗಳ ಎಣಿಕೆ. ಈ ಎರಡರ ನಡುವಿನ ಅಂತರ ಎಷ್ಟು ಅಂತ ನಮ್ಮದೇ ಪುಸ್ತಕದಿಂದ ಅಳೆಯದೆ ಒಂದು ಊರಿನ ಜಾಹೀರಾತು ನಿಲ್ಲಿಸೋದು ತಪ್ಪು. ಆ ಅಂತರ ಅಳೆಯೋಕೆ ಗ್ರಾಹಕರ ಬೆನ್ನು ಹತ್ತಬೇಕಾಗಿಯೂ ಇಲ್ಲ.

ಮೊದಲು ಎಣಿಕೆ ಹೇಗೆ ಆಗುತ್ತೆ ನೋಡೋಣ. ಆರ್ಡರ್ ಮುಗಿದ ಮೇಲೆ "ಧನ್ಯವಾದ" ಅನ್ನೋ ಪುಟ ತೆರೆಯುತ್ತೆ. ಆ ಪುಟದಲ್ಲಿರೋ ಗೂಗಲ್ ಅನಲಿಟಿಕ್ಸ್‌ನ ಸ್ಕ್ರಿಪ್ಟ್ ಗ್ರಾಹಕರ ಬ್ರೌಸರ್‌ನಲ್ಲೇ ಓಡಿ, "ಖರೀದಿ ಆಯ್ತು, ಆರ್ಡರ್ ನಂಬರ್ ಇಂಥದ್ದು" ಅಂತ ಗೂಗಲ್‌ನ ಸರ್ವರ್‌ಗೆ ಸುದ್ದಿ ಕಳಿಸುತ್ತೆ. ಆರ್ಡರ್ ಬಂದಿದ್ದು ನಮ್ಮ ಸರ್ವರ್‌ಗೆ, ಸುದ್ದಿ ಹೋಗೋದು ಗ್ರಾಹಕರ ಫೋನಿಂದ. ಈ ಎರಡು ದಾರಿ ಬೇರೆ ಬೇರೆ. ಎರಡನೆಯದು ಮುರಿದರೂ ಅಕ್ಕಿ ಚೀಲ ಮನೆ ಮುಟ್ಟುತ್ತೆ.

ಅದು ಮುರಿಯೋಕೆ ಮುಖ್ಯವಾಗಿ ಎರಡು ಕಾರಣ. ಒಂದು ಎಲ್ಲರಿಗೂ ಗೊತ್ತಿರೋ ಆ್ಯಡ್ ಬ್ಲಾಕರ್. ಅದರ ಹತ್ತಿರ ಟ್ರ್ಯಾಕಿಂಗ್ ವಿಳಾಸಗಳ ಒಂದು ಪಟ್ಟಿ ಇರುತ್ತೆ. ಪಟ್ಟಿಯಲ್ಲಿರೋ ವಿಳಾಸಕ್ಕೆ ಹೋಗೋ ಕೋರಿಕೆಯನ್ನ ಅದು ಬ್ರೌಸರ್ ಬಾಗಿಲಲ್ಲೇ ತಡೆಯುತ್ತೆ. ಎರಡನೆಯದು ನನಗೆ ಹೊಳೆದೇ ಇರಲಿಲ್ಲ: ಯುಪಿಐ. ಗ್ರಾಹಕರು ನಮ್ಮ ಪುಟದಿಂದ ಪೇಮೆಂಟ್ ಆ್ಯಪ್‌ಗೆ ಹೋಗ್ತಾರೆ, ಪಿನ್ ಒತ್ತುತ್ತಾರೆ, ದುಡ್ಡು ಹೋಯ್ತು ಅಂತ ಕಂಡ ಕೂಡಲೇ ಫೋನ್ ಜೇಬಿಗಿಡ್ತಾರೆ. ಬ್ರೌಸರ್‌ಗೆ ವಾಪಸ್ ಬರೋದೇ ಇಲ್ಲ. ದುಡ್ಡು ಬಂದ ಸುದ್ದಿಯನ್ನ ಪೇಮೆಂಟ್ ಗೇಟ್‌ವೇ ನೇರವಾಗಿ ನಮ್ಮ ಸರ್ವರ್‌ಗೆ ತಿಳಿಸುತ್ತೆ, ಆದ್ರೆ ಧನ್ಯವಾದದ ಪುಟ ತೆರೆಯೋದಿಲ್ಲ. ಬ್ಲಾಕರ್ ಇಲ್ಲದಿದ್ದರೂ ಎಣಿಕೆ ತಪ್ಪುತ್ತೆ.

ಈಗ ಅಳತೆಗೆ ಬರ್ತೀನಿ. ನಮ್ಮಲ್ಲಿ ಪ್ರತಿ ಊರಿನ ಜಾಹೀರಾತಿನ ಲಿಂಕ್‌ಗೆ ಬೇರೆ ಬೇರೆ `utm_campaign` ಗುರುತು ಇದೆ. ಅದನ್ನ ನಮ್ಮ ಸರ್ವರ್ ಆರ್ಡರ್ ಜೊತೆಗೇ ಬರೆದಿಟ್ಟುಕೊಳ್ಳುತ್ತೆ. ಒಂದು ತಿಂಗಳಲ್ಲಿ ಜಾಹೀರಾತಿನಿಂದ ಬಂದು ಡೆಲಿವರಿ ಆದ ಆರ್ಡರ್ 400. ಅನಲಿಟಿಕ್ಸ್‌ನಿಂದ `transaction_id` ಪಟ್ಟಿ ಇಳಿಸಿಕೊಂಡು `pixel` ಅನ್ನೋ ಟೇಬಲ್‌ಗೆ ಹಾಕಿ, ಆರ್ಡರ್ ನಂಬರ್‌ಗೆ ಆರ್ಡರ್ ನಂಬರ್ ತಾಳೆ ನೋಡಿದೆ.

```sql
SELECT o.campaign, o.pay_mode,
       COUNT(*) AS orders,
       COUNT(p.order_id) AS seen
FROM orders o
LEFT JOIN (SELECT DISTINCT order_id FROM pixel) p
  ON p.order_id = o.order_id
GROUP BY o.campaign, o.pay_mode;
```

ಬರೀ ಮೊತ್ತದಿಂದ ಮೊತ್ತ ಕಳೆದ್ರೆ ಸಾಲದಾ ಅಂತ ಕೇಳಬಹುದು. ಸಾಲಲ್ಲ. ಪರದೆಯಲ್ಲಿ ಕೆಲವು ಆರ್ಡರ್ ಎರಡು ಸಲ ಬಂದಿದ್ರೆ ಅವು ಬರದೇ ಇರೋ ಆರ್ಡರ್‌ಗಳನ್ನ ಮುಚ್ಚಿಹಾಕುತ್ತವೆ, ಅಂತರ ಇರೋದಕ್ಕಿಂತ ಚಿಕ್ಕದಾಗಿ ಕಾಣುತ್ತೆ. ಅದಕ್ಕೇ `DISTINCT`, ಅದಕ್ಕೇ ನಂಬರ್ ತಾಳೆ.

ಉತ್ತರ: 400ರಲ್ಲಿ ಪರದೆ ಕಂಡಿದ್ದು 326. ಕಾಣೆಯಾಗಿದ್ದು 74, ಅಂದ್ರೆ ಶೇ. 18.5. ಒಂದೇ ತಿಂಗಳ 400 ಆರ್ಡರ್ ಆದ್ದರಿಂದ ಈ ಅಂಕಿಯಲ್ಲೇ ಅಲುಗಾಟ ಇದೆ. √(0.185 × 0.815 ÷ 400) ಸುಮಾರು 0.019. ಅದರ ಎರಡು ಪಟ್ಟು ಆಚೆ ಈಚೆ ಬಿಟ್ಟರೆ ಅಂತರ ಶೇ. 15ರಿಂದ 22ರ ಒಳಗೆ ಅಂತ ಹೇಳಬಹುದು.

ಕಾಣೆಯಾದ 74ರಲ್ಲಿ ಬ್ಲಾಕರ್ ಪಾಲೆಷ್ಟು? ಇಲ್ಲಿ ಕ್ಯಾಶ್ ಆನ್ ಡೆಲಿವರಿ ನಮಗೆ ಸಹಾಯಕ್ಕೆ ಬಂತು. ಕ್ಯಾಶ್ ಗ್ರಾಹಕರು ಬೇರೆ ಆ್ಯಪ್‌ಗೆ ಹೋಗೋದಿಲ್ಲ, ಅವರು ಧನ್ಯವಾದದ ಪುಟ ನೋಡೇ ನೋಡ್ತಾರೆ. ಕ್ಯಾಶ್ ಆರ್ಡರ್ 250ರಲ್ಲಿ 230 ಕಂಡಿತ್ತು, ಕಾಣೆ ಶೇ. 8. ಯುಪಿಐ 150ರಲ್ಲಿ ಕಂಡಿದ್ದು 96 ಮಾತ್ರ, ಕಾಣೆ ಶೇ. 36. ಯುಪಿಐ ಗ್ರಾಹಕರಲ್ಲೂ ಶೇ. 8ರಷ್ಟು ಜನ ಬ್ಲಾಕರ್ ಬಳಸ್ತಾರೆ ಅಂತ ಹಿಡಿದ್ರೆ ಅದು 12. ಕ್ಯಾಶ್‌ನ 20 ಸೇರಿಸಿ ಬ್ಲಾಕರ್ ಲೆಕ್ಕ 32. ಉಳಿದ 42 ಪೇಮೆಂಟ್ ಆ್ಯಪ್‌ನಿಂದ ವಾಪಸ್ ಬರದವರು. ನಾನು ಎಲ್ಲಾ ತಪ್ಪನ್ನೂ ಬ್ಲಾಕರ್ ತಲೆಗೆ ಕಟ್ಟಿದ್ದೆ, ಅರ್ಧಕ್ಕಿಂತ ಹೆಚ್ಚು ತಪ್ಪು ಅದರದ್ದಲ್ಲ. ಒಮ್ಮೆ ಯೋಚಿಸಿದ್ರೆ ಇದು ಸಹಜವೇ. ನಮ್ಮ ಹಾಸ್ಟೆಲ್‌ನ ಲ್ಯಾಪ್‌ಟಾಪ್‌ಗಳಲ್ಲಿ ಬ್ಲಾಕರ್ ಮಾಮೂಲಿ. ಊರಲ್ಲಿ ಅಕ್ಕಿ ತರಿಸೋರು ಫೋನ್‌ನಲ್ಲಿ ತರಿಸ್ತಾರೆ, ಆಂಡ್ರಾಯ್ಡ್ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕೋಕೆ ಬರೋದಿಲ್ಲ.

ಈಗ ಮಾಮಾ ಕೇಳಿದ ಪ್ರಶ್ನೆಗೆ ಬರೋಣ. ಊರಿನ ಪ್ರಕಾರ ಬಿಡಿಸಿದ್ರೆ ಹೀಗೆ:

| ಊರು | ಪುಸ್ತಕದಲ್ಲಿ | ಇದರಲ್ಲಿ ಯುಪಿಐ | ಪರದೆಯಲ್ಲಿ | ಖರ್ಚು (₹) |
|---|---|---|---|---|
| ಸಿಂಧನೂರು | 200 | 110 | 153 | 9,000 |
| ಲಿಂಗಸುಗೂರು | 120 | 30 | 102 | 5,400 |
| ಮಸ್ಕಿ | 80 | 10 | 71 | 3,800 |

ಪರದೆ ನಂಬಿದ್ರೆ ಒಂದು ಆರ್ಡರ್‌ಗೆ ಸಿಂಧನೂರಲ್ಲಿ ಸುಮಾರು 59 ರೂಪಾಯಿ, ಲಿಂಗಸುಗೂರಲ್ಲಿ 53, ಮಸ್ಕಿಯಲ್ಲಿ 53.50. ಪುಸ್ತಕ ನಂಬಿದ್ರೆ 45, 45 ಮತ್ತು 47.50. ದುಬಾರಿ ಅನ್ನಿಸಿಕೊಂಡ ಸಿಂಧನೂರು ದುಬಾರಿಯೇ ಅಲ್ಲ, ಮೂರೂ ಊರು ಹತ್ತಿರ ಹತ್ತಿರ ಒಂದೇ. ಸಿಂಧನೂರಿನವರು ಯುಪಿಐ ಜಾಸ್ತಿ ಬಳಸ್ತಾರೆ, ಅದಕ್ಕೇ ಅವರ ಆರ್ಡರ್ ಜಾಸ್ತಿ ಕಾಣೆಯಾಗಿದ್ವು. ಮಸ್ಕಿಯ ಹೆಚ್ಚುವರಿ ಎರಡೂವರೆ ರೂಪಾಯಿಗೂ ನಾನು ಅರ್ಥ ಕೊಡೋದಿಲ್ಲ, 80 ಆರ್ಡರ್‌ಗೆ ಅಷ್ಟು ಏರುಪೇರು ಇದ್ದೇ ಇರುತ್ತೆ.

"ಎಲ್ಲದಕ್ಕೂ ಒಂದೇ ಶೇಕಡಾವಾರು ಸೇರಿಸಿಬಿಟ್ರೆ ಆಯ್ತಲ್ಲ" ಅನ್ನೋರಿಗೆ ಒಂದು ಮಾತು. ಮೂರೂ ಊರಿನ ಎಣಿಕೆಯನ್ನ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದ್ರೆ ಮೊತ್ತ ಸರಿ ಹೋಗುತ್ತೆ, ಆದ್ರೆ ಯಾವ ಊರು ದುಬಾರಿ ಅನ್ನೋ ಸಾಲು ಒಂದಿಷ್ಟೂ ಬದಲಾಗಲ್ಲ. ಸಿಂಧನೂರೇ ದುಬಾರಿಯಾಗಿ ಉಳಿಯುತ್ತೆ. ಇಂಟರ್ನೆಟ್‌ನಲ್ಲಿ ಯಾರೋ ಹೇಳಿದ ಒಂದೇ ಶೇಕಡಾವಾರು ತಂದು ಗುಣಿಸೋದರ ತೊಂದರೆ ಇದೇ. ಅಂತರ ಎಲ್ಲಾ ಕಡೆ ಒಂದೇ ಇದ್ದಿದ್ರೆ ಅದು ಸಮಸ್ಯೆಯೇ ಆಗ್ತಿರಲಿಲ್ಲ.

ಮತ್ತೆ ಸರ್ವರ್-ಸೈಡ್ ಟ್ರ್ಯಾಕಿಂಗ್ ಏನು ಮಾಡುತ್ತೆ? ಬ್ರೌಸರ್ ಬದಲು ನಮ್ಮ ಸರ್ವರೇ ಅನಲಿಟಿಕ್ಸ್‌ಗೆ ಖರೀದಿಯ ಸುದ್ದಿ ಕಳಿಸುತ್ತೆ. ಮುಂದಿನ ತಿಂಗಳು ನಾನು ಅದನ್ನೂ ಹಾಕಿದೆ, ಹಾಕಿ ಎಡವಟ್ಟು ಮಾಡಿಕೊಂಡೆ. ಪುಸ್ತಕದಲ್ಲಿ 380 ಆರ್ಡರ್, ಪರದೆಯಲ್ಲಿ 690! ಬ್ರೌಸರ್ ನಮ್ಮ ಆರ್ಡರ್ ನಂಬರ್ ಕಳಿಸ್ತಿತ್ತು, ಸರ್ವರ್‌ನಿಂದ ನಾನು ಬೇರೆಯೇ ನಂಬರ್ ಕಳಿಸ್ತಿದ್ದೆ. ಒಂದೇ ಚೀಲಕ್ಕೆ ಎರಡು ಹೆಸರು, ಹಾಗಾಗಿ ಎರಡು ಖರೀದಿ. ಆಮೇಲೆ ಖರೀದಿಯ ಸುದ್ದಿಯನ್ನ ಸರ್ವರ್ ಮಾತ್ರ ಕಳಿಸೋ ಹಾಗೆ ಮಾಡಿದೆ. ಪರದೆ ಪುಸ್ತಕಕ್ಕಿಂತ ಹೆಚ್ಚು ತೋರಿಸಿದ್ರೆ ಮೊದಲು ನೋಡಬೇಕಾದ್ದು ಇದನ್ನೇ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಸರ್ವರ್ ಕಳಿಸೋ ಸುದ್ದಿ ಯಾವ ಜಾಹೀರಾತಿನದು ಅಂತ ಗೊತ್ತಾಗಬೇಕಾದ್ರೆ ಅದರ ಜೊತೆ `client_id` ಹೋಗಬೇಕು. ಅದು ಇರೋದು ಅನಲಿಟಿಕ್ಸ್ ಸ್ಕ್ರಿಪ್ಟ್ ಬ್ರೌಸರ್‌ನಲ್ಲಿ ಇಟ್ಟ `_ga` ಕುಕೀಯಲ್ಲಿ. ಸ್ಕ್ರಿಪ್ಟನ್ನೇ ಬ್ಲಾಕರ್ ತಡೆದಿದ್ರೆ ಕುಕೀ ಎಲ್ಲಿಂದ ಬರಬೇಕು? ಆರ್ಡರ್ ಫಾರ್ಮ್‌ನಲ್ಲಿ ಕಾಣದ ಒಂದು ಫೀಲ್ಡ್ ಇಟ್ಟು ಅದನ್ನ ಹೀಗೆ ತುಂಬಿಸಿದೆ:

```js
const m = document.cookie.match(/_ga=GA1\.\d+\.(\d+\.\d+)/);
document.getElementById("cid").value = m ? m[1] : "";
```

ಯುಪಿಐ ಆ್ಯಪ್‌ಗೆ ಹೋಗೋ ಮುಂಚೆಯೇ ಇದು ತುಂಬಿರುತ್ತೆ. ಹಾಗಾಗಿ ವಾಪಸ್ ಬರದವರ ಆರ್ಡರ್ ಸರಿಯಾದ ಜಾಹೀರಾತಿನ ಲೆಕ್ಕಕ್ಕೆ ಸೇರೋಕೆ ದಾರಿ ಆಯ್ತು. ಬ್ಲಾಕರ್ ಇರೋರದ್ದು ಖಾಲಿ. ಅಂಥ ಆರ್ಡರ್‌ಗೆ ಏನೋ ಒಂದು ಐಡಿ ಹುಟ್ಟಿಸಿ ಕಳಿಸಿದ್ರೆ ಮೊತ್ತಕ್ಕೆ ಸೇರುತ್ತೆ, ಜಾಹೀರಾತಿಗೆ ಸೇರೋದಿಲ್ಲ.

ಆ ಖಾಲಿ ಫೀಲ್ಡೇ ನನ್ನ ಅಂದಾಜಿಗೆ ಸಾಕ್ಷಿಯೂ ಆಯ್ತು. 380ರಲ್ಲಿ ಖಾಲಿ ಇದ್ದದ್ದು 33: ಕ್ಯಾಶ್ 230ರಲ್ಲಿ 18, ಯುಪಿಐ 150ರಲ್ಲಿ 15. ಸುಮಾರು ಶೇ. 8 ಮತ್ತು ಶೇ. 10. ಎರಡೂ ಗುಂಪಿನಲ್ಲಿ ಬ್ಲಾಕರ್ ಸಮ ಅಂತ ನಾನು ಹಿಡಿದಿದ್ದು ಪೂರ್ತಿ ಸರಿ ಅಲ್ಲ, ಆದ್ರೆ ತೀರಾ ತಪ್ಪೂ ಅಲ್ಲ. ಕೆಲವು ಬ್ಲಾಕರ್‌ಗಳು ಸ್ಕ್ರಿಪ್ಟ್ ಬಿಟ್ಟು ಸುದ್ದಿ ಹೋಗೋದನ್ನ ಮಾತ್ರ ತಡೀತವೆ, ಆಗ ಕುಕೀ ಇರುತ್ತೆ. ಹಾಗಾಗಿ 33 ಅನ್ನೋದನ್ನ "ಕನಿಷ್ಠ" ಅಂತ ಓದಬೇಕು.

ಇಲ್ಲಿ ನನ್ನ ಸೀನಿಯರ್ ಒಬ್ಬರು, "ಆ 33 ಜನರ ಫೋನ್ ನಂಬರ್ ಹ್ಯಾಶ್ ಮಾಡಿ ಜಾಹೀರಾತು ಕಂಪನಿಗೆ ಕಳಿಸು, ಅವರೂ ಸಿಗ್ತಾರೆ" ಅಂದ್ರು. ತಾಂತ್ರಿಕವಾಗಿ ಸಾಧ್ಯ. ಅದರ ಪರ ಇರೋ ವಾದವನ್ನೂ ಮುಚ್ಚಿಡೋದಿಲ್ಲ: ಜಾಹೀರಾತು ಯಾರಿಗೆ ತೋರಿಸಬೇಕು ಅಂತ ಯಂತ್ರ ಕಲಿಯೋದು ಅದಕ್ಕೆ ಕಂಡ ಖರೀದಿಗಳಿಂದಲೇ, ಕಾಣದವರನ್ನ ಅದು ಲೆಕ್ಕಕ್ಕೇ ಇಡಲ್ಲ. ಆದ್ರೂ ನಾನು ಒಪ್ಪಲಿಲ್ಲ. ಬ್ಲಾಕರ್ ಹಾಕಿಕೊಂಡವರು "ನನ್ನ ಸುದ್ದಿ ಆಚೆ ಹೋಗೋದು ಬೇಡ" ಅಂತ ಹೇಳಿ ಆಗಿದೆ. ಅವರು ನಂಬರ್ ಕೊಟ್ಟಿದ್ದು ಅಕ್ಕಿ ತರೋ ಹುಡುಗ ಮನೆ ಹುಡುಕಲಿ ಅಂತ. ಒಂದು ಕೆಲಸಕ್ಕೆ ಕೊಟ್ಟ ಮಾಹಿತಿಯನ್ನ ಇನ್ನೊಂದಕ್ಕೆ ಬಳಸೋಕೆ ಮತ್ತೆ ಒಪ್ಪಿಗೆ ಕೇಳಬೇಕು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ನಮಗೆ ಬೇಕಿದ್ದ ಉತ್ತರ, ಯಾವ ಊರಿಗೆ ಎಷ್ಟು ಖರ್ಚು ಅನ್ನೋದು, ಅವರ ನಂಬರ್ ಎಲ್ಲಿಗೂ ಹೋಗದೆ ನಮ್ಮ ಪುಸ್ತಕದಿಂದಲೇ ಸಿಕ್ಕಿತ್ತು.

ಇದನ್ನೆಲ್ಲಾ ಮಾಮಾಗೆ ಹೇಳಿದೆ. ಅವರು ಆರ್ಡರ್ ಪುಸ್ತಕ ತಿರುವಿ ನೋಡಿ, "ಈ 33 ಮಂದಿ ಯಾರಂತ ನಮಗ ಗೊತ್ತೈತಿ, ಚೀಲ ಮುಟ್ಟ್ಯಾವ, ರೊಕ್ಕ ಬಂದೈತಿ. ಬ್ಯಾರೇದವರಿಗೆ ಯಾಕ ಹೇಳಬೇಕಪಾ?" ಅಂದ್ರು.

ಸಿಂಧನೂರಿನ ಜಾಹೀರಾತು ಇನ್ನೂ ನಡೀತಿದೆ. ಪ್ರತಿ ತಿಂಗಳು ಒಂದನೇ ತಾರೀಖು ಆ ಏಳು ಸಾಲಿನ ಕ್ವೆರಿ ಓಡಿಸಿ, ಊರಿನ ಪ್ರಕಾರ ಅಂತರ ಎಷ್ಟು ಅಂತ ಮಾಮಾಗೆ ವಾಟ್ಸ್ಯಾಪ್ ಮಾಡ್ತೀನಿ.